"ಆಸಕ್ತಿ" ಅಲ್ಲ, "ಸಂಬಂಧ"

ಎಲ್ಲರಿಗೂ ನಮಸ್ಕಾರ. ಮದುವೆ ಆ್ಯಪ್‌ಗಳಿಗೆ ಕನ್ನಡದಲ್ಲಿ ಬರೆಯುವುದು ನನ್ನ ಕೆಲಸ. ಇವತ್ತು ಹೆಚ್ಚುಕಮ್ಮಿ ಒಂದೇ ಒಂದು ನೋಟಿಫಿಕೇಶನ್ ಬಗ್ಗೆ ಮಾತಾಡುತ್ತೇನೆ.

ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಆ್ಯಪ್‌ನಿಂದ ಹೀಗೊಂದು ಸಾಲು ಹೋಗುತ್ತಿತ್ತು: "ಒಬ್ಬ ಹುಡುಗ ನಿಮ್ಮ ಮಗಳ ಪ್ರೊಫೈಲ್‌ನಲ್ಲಿ ಆಸಕ್ತಿ ತೋರಿಸಿದ್ದಾರೆ. ಸ್ವೀಕರಿಸಿ." ಇಂಗ್ಲಿಷಿನಿಂದ ಇಳಿಸಿದ್ದು. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಒಂದು ಸಂಜೆ ಮಂಡ್ಯ ಕಡೆಯ ತಂದೆಯೊಬ್ಬರು ಫೋನ್ ಮಾಡಿದರು. "ಯಾರಪ್ಪ ಅವ್ನು, ನನ್ನ ಮಗಳ ಮೇಲೆ ಆಸಕ್ತಿ ಇಟ್ಕೊಂಡಿರೋನು?" ಅಂತ ಕೇಳಿದರು. ಅವರಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಅದೇ ಹುಡುಗನ ವಿಷಯವನ್ನು ಛತ್ರದಲ್ಲಿ ಊಟದ ಪಂಕ್ತಿಯಲ್ಲಿ ಕೂತ ನೆಂಟರೊಬ್ಬರು, "ಮದ್ದೂರು ಕಡೆ ಒಂದು ಸಂಬಂಧ ಇದೆ, ನೋಡ್ತೀರಾ?" ಅಂತ ಕೇಳಿದ್ದರೆ ಅವರು ಖುಷಿಯಿಂದ ವಿಚಾರಿಸುತ್ತಿದ್ದರು. ಸಂಬಂಧ ಅಂದರೆ ಅಲ್ಲಿ ಬರೀ ಹುಡುಗ ಇಲ್ಲ, ಒಂದು ಮನೆ ಇದೆ. ನೋಡಿ, ಬೇಡ ಅನ್ನಿಸಿದರೆ ಬಿಡುವ ಅವಕಾಶವೂ ಇದೆ. ಆಸಕ್ತಿ ಅನ್ನುವ ಪದದಲ್ಲಿ ಇವೆರಡೂ ಇಲ್ಲ.

ಸಾಲನ್ನು ಹೀಗೆ ಬದಲಾಯಿಸಿದೆವು: "ಮದ್ದೂರು ಕಡೆಯಿಂದ ಒಂದು ಸಂಬಂಧ ಬಂದಿದೆ. ಮಗಳ ಜೊತೆ ಕೂತು ನೋಡಿ."

ಎರಡನೇ ವಾಕ್ಯ ಗಮನಿಸಿ. ಸಂಪ್ರದಾಯ ಮತ್ತು ಆಧುನಿಕತೆಯ ಸಂಗಮ ಅಂತ ಎಷ್ಟೊಂದು ಜಾಹೀರಾತುಗಳಲ್ಲಿ ಬರೆಯುತ್ತಾರೆ. ಅದರಿಂದ ಅಪ್ಪನಿಗೂ ಏನೂ ಗೊತ್ತಾಗಲ್ಲ, ಮಗಳಿಗೂ ಗೊತ್ತಾಗಲ್ಲ. ಯಾರು ಯಾವಾಗ ಹೂಂ ಅನ್ನಬೇಕು ಅನ್ನುವುದೇ ಅವರಿಬ್ಬರ ನಡುವಿನ ಪ್ರಶ್ನೆ. ನಮ್ಮ ಬರವಣಿಗೆ ಅದಕ್ಕೆ ಉತ್ತರ ಕೊಡಬೇಕು.

ಆಮೇಲೆ ಬಟನ್. "ಸ್ವೀಕರಿಸಿ" ತೆಗೆದು "ಒಪ್ಪಿಗೆ" ಹಾಕೋಣ ಅಂದರು ಒಬ್ಬರು. ನಾನು ಬೇಡ ಅಂದೆ. ನಮ್ಮ ಕಡೆ ಒಪ್ಪಿಗೆ ಆಯ್ತು ಅಂದರೆ ಮಾತು ತಾಂಬೂಲದ ಹತ್ತಿರ ಬಂತು ಅಂತ ಅರ್ಥ. ಫೋನಿನಲ್ಲಿ ಬೆರಳು ತಾಗಿದ್ದಕ್ಕೆ ಯಾರೂ ಅಷ್ಟು ದೂರ ಹೋಗಲ್ಲ. "ಮಾತಾಡೋಣ" ಅಂತ ಇಟ್ಟೆವು. ಕೆಳಗೆ ಸಣ್ಣಕ್ಷರದಲ್ಲಿ: "ಮಗಳು ತನ್ನ ಫೋನಿನಲ್ಲಿ ಸರಿ ಅಂದ ಮೇಲಷ್ಟೇ ನಂಬರ್ ಆ ಕಡೆಗೆ ಹೋಗುತ್ತದೆ."

ಇಲ್ಲಿ ಎರಡು ವಾರ ತಡವಾಯಿತು. ಪರೀಕ್ಷೆ ಮಾಡಿ ನೋಡಿದರೆ, ಅಪ್ಪ ಒತ್ತಿದ ಕೂಡಲೇ ನಂಬರ್ ಹೋಗಿಬಿಡುತ್ತಿತ್ತು. ಅದು ಸರಿಯಾಗುವವರೆಗೂ ಆ ಸಾಲನ್ನು ಆ್ಯಪ್‌ನಲ್ಲಿ ಹಾಕಲು ನಾನು ಬಿಡಲಿಲ್ಲ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಒಪ್ಪಿಗೆ ಕೇಳುವ ಮಾತು ಸರಳವಾಗಿ, ಸ್ಪಷ್ಟವಾಗಿ ಇರಬೇಕು ಅನ್ನುತ್ತದೆ. ಅದನ್ನು ಕನ್ನಡದಲ್ಲೇ ಓದುವ ಅವಕಾಶ ಕೊಡಬೇಕು ಅಂತಲೂ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ, ಆ ಒಂದು ಸಾಲನ್ನು ನಂಬಿ ಒಬ್ಬ ಹುಡುಗಿ ನಂಬರ್ ಕೊಟ್ಟಿರುತ್ತಾಳೆ, ಅಲ್ವಾ?

ಬೇಡ ಅನ್ನುವುದು ಇನ್ನೂ ಕಷ್ಟ. "ತಿರಸ್ಕರಿಸಿ" ಅಂತ ಇದ್ದಾಗ ಜನ ಅದನ್ನು ಒತ್ತುತ್ತಲೇ ಇರಲಿಲ್ಲ, ಸುಮ್ನೆ ಬಿಟ್ಟುಬಿಡುತ್ತಿದ್ದರು. ಅತ್ತ ಹುಡುಗನ ತಾಯಿ ದಿನಾ ಫೋನ್ ತೆಗೆದು ನೋಡುತ್ತಿರುತ್ತಾರೆ. ನಮ್ಮಲ್ಲಿ ನಯವಾಗಿ ಬೇಡ ಅನ್ನಲು ಹಳೇ ಮಾತೊಂದಿದೆ: "ಜಾತಕ ಕೂಡಿಬರಲಿಲ್ಲ." ಅದನ್ನೇ ಸಿದ್ಧ ಉತ್ತರವಾಗಿ ಇಡೋಣ ಅಂದರು. ಆದರೆ ಜಾತಕ ನೋಡದವರೂ ಅದನ್ನೇ ಕಳಿಸುತ್ತಾರೆ. ಆ ಮನೆಯವರು ಮಗನಿಗೆ ದೋಷ ಇದೆಯೇನೋ ಅಂತ ಜೋಯಿಸರ ಹತ್ತಿರ ಓಡುತ್ತಾರೆ. ಬಟನ್ ಮೇಲೆ "ಇದು ಬೇಡ" ಅಂತ ಹಾಕಿದೆವು. ಆ ಕಡೆಗೆ ಹೋಗುವ ಮಾತು: "ಈ ಸಂಬಂಧ ಮುಂದುವರಿಸುತ್ತಿಲ್ಲ. ನಿಮಗೆ ಒಳ್ಳೆಯದಾಗಲಿ." ಉತ್ತರ ಬಂದಿದೆ ಅಂತ ಗೊತ್ತಾದರೆ ಆ ತಾಯಿ ಮುಂದಿನ ಸಂಬಂಧ ನೋಡುತ್ತಾರೆ.

ಇನ್ನು ಮಂಡ್ಯದ ವಿಷಯ. 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗದ ಯುವಕರು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅವರಲ್ಲಿ ರೈತರ ಮಕ್ಕಳೇ ಜಾಸ್ತಿ. ಅಂಥವರ ಮುಂದೆ "ಶ್ರಾವಣಕ್ಕೆ ಮದುವೆ ಗ್ಯಾರಂಟಿ" ಅಂತ ಬರೆಯುವುದು ಅನ್ಯಾಯ. ಹೆಣ್ಣು ಸಿಗದಿರುವುದನ್ನು ನಾವು ಬರೆದು ಸರಿಮಾಡಲು ಆಗಲ್ಲ. ಒಂದು ಪ್ರೊಫೈಲ್ ಮಾತ್ರ ಸರಿಮಾಡಬಹುದು.

ಅಂಥ ಒಂದು ಪ್ರೊಫೈಲ್‌ನಲ್ಲಿ ಇದ್ದದ್ದು ಇಷ್ಟೇ: "ರೈತ, 3 ಎಕರೆ, ಒಬ್ಬನೇ ಮಗ." ಇದು ಹುಡುಗಿಯ ಅಪ್ಪನಿಗೆ ಬರೆದದ್ದು. ಆಸ್ತಿ ಎಷ್ಟು, ಪಾಲು ಎಷ್ಟು ಅಂತ ಅವರಿಗೆ ತಿಳಿಯುತ್ತದೆ. ಓದಿದ ಹುಡುಗಿ ಕೇಳುವ ಪ್ರಶ್ನೆ ಬೇರೆ. ನಾನು ಕೆಲಸ ಬಿಡಬೇಕಾ? ಬೆಳಗ್ಗೆ ಎದ್ದು ಹಾಲು ಕರೆಯಬೇಕಾ? ಅದಕ್ಕೇ ಫಾರಂನಲ್ಲಿ ಒಂದು ಪ್ರಶ್ನೆ ಸೇರಿಸಿದೆವು: "ಸೊಸೆ ಕೆಲಸಕ್ಕೆ ಹೋಗುವುದಾದರೆ ಮನೆಯಲ್ಲಿ ಹೇಗೆ?" ಖಾಲಿ ಬಿಟ್ಟವರಿಗೆ ನಾವೇ ಫೋನ್ ಮಾಡಿದೆವು.

ಆ ಹುಡುಗನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದನ್ನು ನಾನು ಒಂದಕ್ಷರವೂ ತಿದ್ದದೆ, ಎಕರೆಗಿಂತ ಮೇಲಿನ ಸಾಲಿನಲ್ಲಿ ಹಾಕಿದೆ: "ಅವಳು ಬಸ್ಸಿಗೆ ಹೋಗ್ಲಿ, ಹಸಾ ನಾನ್ ನೋಡ್ಕೋತೀನಿ."