ಹತ್ತು ಅಡಿ ಹಾಲಿನಲ್ಲಿ ಬಾಕ್ಸಿಂಗ್: ಹಳೆಯ ವೀ ಯಂತ್ರದಿಂದ ನಿಜವಾದ ವ್ಯಾಯಾಮ

ಎಲ್ಲರಿಗೂ ನಮಸ್ಕಾರ.

ಕೈ ಬೀಸಿ, ಮೈ ಬಾಗಿಸಿ ಟಿವಿ ಮುಂದೆ ಆಡುವ ಆಟಗಳ ಬಗ್ಗೆ ಮಾತಾಡುವಾಗ ಜನ ಮೊದಲು ಯಾವ ಯಂತ್ರ ಕೊಳ್ಳಬೇಕು ಎಂದು ಕೇಳುತ್ತಾರೆ. ಅದಕ್ಕೂ ಮೊದಲು ಮನೆಯ ಹಾಲನ್ನು ಟೇಪು ಹಿಡಿದು ಅಳೆಯಬೇಕು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಹಾಲನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಹತ್ತು ಅಡಿಯ ಗೋಡೆಗೆ ಟಿವಿ ಇದೆ, ಅದರ ಕೆಳಗಿನ ಕಟ್ಟೆ ಒಂದೂವರೆ ಅಡಿ ಮುಂದಕ್ಕೆ ಚಾಚಿದೆ. ಎದುರು ಗೋಡೆಗೆ ಸೋಫಾ, ಅದು ಮೂರು ಅಡಿ ತಿನ್ನುತ್ತದೆ. ಟೀಪಾಯಿಯನ್ನು ರೂಮಿಗೆ ಎತ್ತಿಟ್ಟರೆ ಟಿವಿ ಕಟ್ಟೆಗೂ ಸೋಫಾಕ್ಕೂ ನಡುವೆ ಏಳೂವರೆ ಅಡಿ ಉಳಿಯಿತು. ನಮ್ಮ ಮೈದಾನ ಇಷ್ಟೇ.

ಈ ಏಳೂವರೆ ಅಡಿಯಲ್ಲಿ ಕೈನೆಕ್ಟ್ ಕಷ್ಟ. 2010ರಲ್ಲಿ ಮೈಕ್ರೋಸಾಫ್ಟಿನ ಆಟದ ಯಂತ್ರ ಎಕ್ಸ್‌ಬಾಕ್ಸ್ 360ಕ್ಕೆ ಬಂದ ಆ ಕ್ಯಾಮೆರಾ ಇಡೀ ಮೈಯನ್ನೇ ನೋಡುತ್ತದೆ, ಕೈಯಲ್ಲಿ ಏನೂ ಹಿಡಿಯಬೇಕಿಲ್ಲ. ಆದರೆ ಒಬ್ಬರು ಆಡಲು ಸುಮಾರು ಆರು ಅಡಿ ದೂರ, ಇಬ್ಬರಿಗೆ ಎಂಟು ಅಡಿ ಬೇಕೆಂದು ಕಂಪನಿಯೇ ಹೇಳಿತ್ತು. ಮೇಲೆ ಕೆಳಗೆ ಅದಕ್ಕೆ ಕಾಣುವುದು ಸುಮಾರು 43 ಡಿಗ್ರಿ. ಆರು ಅಡಿ ದೂರದಲ್ಲಿ ಲೆಕ್ಕ ಹಾಕಿದರೆ ಐದು ಅಡಿಗೂ ಕಡಿಮೆ ಎತ್ತರದ ಚೌಕಟ್ಟು. ಐದೂವರೆ ಅಡಿಯ ಮನುಷ್ಯ ಅದರೊಳಗೆ ಪೂರ್ತಿ ಹಿಡಿಸುವುದಿಲ್ಲ. ತಲೆ ಕಂಡರೆ ಪಾದ ಕಾಣದು. ಹಿಂದೆ ಸರಿದರೆ ಮೀನಖಂಡಕ್ಕೆ ಸೋಫಾ ತಾಗುತ್ತದೆ. ಜೊತೆಗೆ ಕಿಟಕಿಯ ಬಿಸಿಲು ನೇರ ಬಿದ್ದರೆ ಮೈಯನ್ನು ಗುರುತಿಸಲು ಅದು ಚೆಲ್ಲುವ ಅತಿಗೆಂಪು ಬೆಳಕಿನ ಚುಕ್ಕಿಗಳು ಬಿಸಿಲಿನಲ್ಲಿ ಕರಗಿಹೋಗಿ ಆಟ ಕೆಡುತ್ತದೆ. ಹದಿನಾಲ್ಕು ಅಡಿಯ ಹಾಲಿದ್ದವರಿಗೆ ಇದು ಚೆನ್ನ.

ಚಿಕ್ಕ ಹಾಲಿಗೆ ಹೊಂದುವುದು ನಿಂಟೆಂಡೊದ ಹಳೆಯ ವೀ. 2006ರ ಯಂತ್ರ, ಈಗ ಸೆಕೆಂಡ್ ಹ್ಯಾಂಡ್ ಮಾತ್ರ. ಅದು ನಿಮ್ಮ ಮೈಯನ್ನು ನೋಡುವುದೇ ಇಲ್ಲ. ಕೈಯಲ್ಲಿರುವ ರಿಮೋಟಿನೊಳಗೆ ವೇಗದ ಏರಿಳಿತ ಅಳೆಯುವ ಒಂದು ಚಿಪ್ ಇದೆ, ಅದರ ಅಳತೆಯನ್ನೇ ಆಟ ನಂಬುತ್ತದೆ. ಟಿವಿಯಿಂದ ಐದು ಅಡಿ ದೂರ ನಿಂತರೆ ಸಾಕು. ಜಾಗ ಕಡಿಮೆ ಸಾಕಾಗುವುದೂ ಇದೇ ಕಾರಣಕ್ಕೆ, ವ್ಯಾಯಾಮ ತಪ್ಪಿಸಿಕೊಳ್ಳಲು ದಾರಿ ಸಿಗುವುದೂ ಇದೇ ಕಾರಣಕ್ಕೆ. ಅದಕ್ಕೆ ಮತ್ತೆ ಬರುತ್ತೇನೆ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅಡಾಪ್ಟರ್. ನಮ್ಮಲ್ಲಿ ಮಾರಾಟಕ್ಕೆ ಬರುವ ವೀಗಳಲ್ಲಿ ಅಮೆರಿಕದಿಂದ ನೆಂಟರು ತಂದವೂ ಇರುತ್ತವೆ. ಅವುಗಳ ಅಡಾಪ್ಟರ್ ಮೇಲೆ 120V ಎಂದು ಮಾತ್ರ ಅಚ್ಚಾಗಿರುತ್ತದೆ, ಜಪಾನಿನದಾದರೆ 100V. ಪಿನ್ ಬದಲಿಸುವ ಹತ್ತು ಇಪ್ಪತ್ತು ರೂಪಾಯಿಯ ಕನ್ವರ್ಟರ್ ಹಾಕಿ ನಮ್ಮ 230 ವೋಲ್ಟಿಗೆ ಚುಚ್ಚಿದರೆ ಅಡಾಪ್ಟರ್ ಸುಟ್ಟುಹೋಗುತ್ತದೆ; ಆ ಕನ್ವರ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. 12 ವೋಲ್ಟ್, 3.7 ಆಂಪಿಯರ್ ಕೊಡುವ, 100–240V ಎಂದು ಬರೆದಿರುವ, ವೀ ಪಿನ್ನಿನ ಅಡಾಪ್ಟರ್ ಬೇಕು. ಯಂತ್ರದ ತುದಿಯ ಆ ಪಿನ್ ಬೇರೆಯದಕ್ಕೆ ಹೊಂದುವುದಿಲ್ಲ. ಹಾಗಾಗಿ ಅಡಾಪ್ಟರ್ ಇಲ್ಲದ ವೀ ಅಗ್ಗಕ್ಕೆ ಸಿಕ್ಕಿತೆಂದು ತರುವ ಮುನ್ನ ಅದರ ಬೆಲೆಯನ್ನೂ ಕೂಡಿಸಿ.

ಎರಡನೆಯದು ಡಿಸ್ಕ್. ಅಮೆರಿಕದ ಯಂತ್ರ ಯುರೋಪಿನ ಡಿಸ್ಕನ್ನು ಓದುವುದಿಲ್ಲ. ವೀಯ ಆನ್‌ಲೈನ್ ಅಂಗಡಿ 2019ರ ಜನವರಿಯಲ್ಲೇ ಮುಚ್ಚಿದೆ, ಆಮೇಲೆ ಅಲ್ಲಿ ಏನನ್ನೂ ಕೊಳ್ಳುವಂತಿಲ್ಲ. ಆದ್ದರಿಂದ ಯಂತ್ರದ ಜೊತೆಗೇ ಬಂದ ವೀ ಸ್ಪೋರ್ಟ್ಸ್ ಡಿಸ್ಕ್ ಇರುವ ಸೆಟ್ಟನ್ನೇ ಹುಡುಕಿ, ಮಾರುವವರ ಮನೆಯಲ್ಲೇ ಡಿಸ್ಕ್ ಹಾಕಿ ಹತ್ತು ನಿಮಿಷ ಓಡಿಸಿ ನೋಡಿ. ಒಂದು ರಿಮೋಟ್, ಅದಕ್ಕೆ ವೈರಿನಿಂದ ಜೋಡಿಸಿ ಇನ್ನೊಂದು ಕೈಯಲ್ಲಿ ಹಿಡಿಯುವ ಒಂದು ನಂಚಕ್ ಇರಲೇಬೇಕು. ನಂಚಕ್ ಇಲ್ಲದೆ ಬಾಕ್ಸಿಂಗ್ ಇಲ್ಲ. ಹೊಸ ಟಿವಿಗಳಲ್ಲಿ ಹಳದಿ, ಕೆಂಪು, ಬಿಳಿಯ ಮೂರು ತೂತುಗಳು ಇರದಿದ್ದರೆ ವೀಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿ ಸಿಗುತ್ತದೆ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಅದನ್ನು ಹಾಕಿ. ಹಾಕದಿದ್ದರೆ ಕೆಲವು ಟಿವಿಗಳಲ್ಲಿ ಕೈ ಬೀಸಿದ್ದಕ್ಕೂ ಪರದೆಯ ಮೇಲಿನ ಗುದ್ದಿಗೂ ನಡುವೆ ಅಂತರ ಬಿದ್ದು ಆಡುವ ಲಯವೇ ತಪ್ಪುತ್ತದೆ.

ಸೆಟ್ಟಿನಲ್ಲಿ ಸಾಮಾನ್ಯವಾಗಿ ಕಳೆದುಹೋಗಿರುವುದು ಸೆನ್ಸರ್ ಬಾರ್. ಹೆಸರು ನೋಡಿ ಅದೇನೋ ದೊಡ್ಡ ಯಂತ್ರವೆಂದು ಹೆದರಬೇಡಿ. ಅದು ಯಾವುದನ್ನೂ ಗ್ರಹಿಸುವುದಿಲ್ಲ. ಅದರ ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಅತಿಗೆಂಪು ಎಲ್‌ಇಡಿಗಳಿವೆ, ಅಷ್ಟೇ. ನೋಡುವ ಕಣ್ಣು ಇರುವುದು ರಿಮೋಟಿನ ಮೂತಿಯಲ್ಲಿ. ಆ ಎರಡು ಬೆಳಕಿನ ಚುಕ್ಕಿಗಳನ್ನು ನೋಡಿಕೊಂಡು ಪರದೆಯ ಮೇಲೆ ಕೈಗುರುತು ಎಲ್ಲಿರಬೇಕೆಂದು ರಿಮೋಟ್ ತಿಳಿಯುತ್ತದೆ. ಇದನ್ನು ಮನೆಯಲ್ಲೇ ಮಾಡಬಹುದು. ಬೆಂಗಳೂರಿನ ಎಸ್‌.ಪಿ. ರೋಡಿನಂಥ ಬಿಡಿಭಾಗದ ಅಂಗಡಿಯಿಂದ 940 ನ್ಯಾನೊಮೀಟರಿನ ಐಆರ್ ಎಲ್‌ಇಡಿ ಆರು, 47 ಓಮಿನ ಕಾಲು ವ್ಯಾಟ್ ರೆಸಿಸ್ಟರ್ ಎರಡು ತನ್ನಿ. ಹಾಳಾದ ಚಾರ್ಜರಿನ ಯುಎಸ್‌ಬಿ ವೈರೊಂದು ಸಾಕು. ಮೂರು ಎಲ್‌ಇಡಿಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಎಂಬಂತೆ ಸಾಲಾಗಿ ಬೆಸೆಯಿರಿ: ಉದ್ದ ಕಾಲು ಪ್ಲಸ್ ಕಡೆಗೆ, ಗಿಡ್ಡ ಕಾಲು ಮೈನಸ್ ಕಡೆಗೆ. ಸಾಲಿಗೊಂದು ರೆಸಿಸ್ಟರ್ ಸೇರಿಸಿ, ಪ್ರತಿ ಸಾಲಿನ ಎರಡು ತುದಿಗಳನ್ನೂ ಯುಎಸ್‌ಬಿ ವೈರಿನ ಪ್ಲಸ್, ಮೈನಸ್ ಎಳೆಗಳಿಗೆ ಬೆಸೆಯಿರಿ. ಒಂದೊಂದು ಎಲ್‌ಇಡಿ ಸುಮಾರು 1.3 ವೋಲ್ಟ್ ಹಿಡಿಯುತ್ತದೆ, ಮೂರಕ್ಕೆ 3.9. ಯುಎಸ್‌ಬಿ ಕೊಡುವ ಐದು ವೋಲ್ಟಿನಲ್ಲಿ ಉಳಿದ 1.1 ವೋಲ್ಟ್ 47 ಓಮಿನ ಮೂಲಕ ಹರಿದರೆ ಸುಮಾರು 23 ಮಿಲಿ ಆಂಪಿಯರ್. ಎಲ್‌ಇಡಿಗೂ ಕ್ಷೇಮ, ಟಿವಿಯ ಯುಎಸ್‌ಬಿ ತೂತಿಗೂ ಭಾರವಲ್ಲ. ಇಂಥ ಎರಡು ಗುಂಪುಗಳನ್ನು ಇಪ್ಪತ್ತು ಸೆಂಟಿಮೀಟರ್ ಅಂತರದಲ್ಲಿ ಒಂದು ಮರದ ಸ್ಕೇಲಿಗೆ ಅಂಟಿಸಿ, ಹೊರಗಿನ ಎಲ್‌ಇಡಿಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ.

ಉರಿಯುತ್ತಿದೆಯೇ ಎಂದು ಬರಿಗಣ್ಣಿಗೆ ತಿಳಿಯದು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿದರೆ ಮಸುಕಾದ ನೇರಳೆ ಚುಕ್ಕಿಗಳು ಕಾಣುತ್ತವೆ. ಒಂದು ಗುಂಪು ಪೂರ್ತಿ ಕತ್ತಲಾಗಿದ್ದರೆ ಆ ಸಾಲಿನಲ್ಲಿ ಯಾವುದೋ ಒಂದು ಎಲ್‌ಇಡಿ ಹಿಂದುಮುಂದಾಗಿದೆ ಎಂದು ಮೊದಲು ಅನುಮಾನಿಸಿ. ಯಂತ್ರದ ಸೆಟ್ಟಿಂಗಿನಲ್ಲಿ Sensor Bar ಎಂಬಲ್ಲಿಗೆ ಹೋಗಿ ಅದು ಟಿವಿಯ ಮೇಲಿದೆಯೋ ಕೆಳಗಿದೆಯೋ ತಿಳಿಸಿ. ಅಲ್ಲೇ Sensitivity ತೆರೆದರೆ ರಿಮೋಟ್ ಏನು ನೋಡುತ್ತಿದೆಯೋ ಅದೇ ಪರದೆಯ ಮೇಲೆ ಬರುತ್ತದೆ. ಎರಡೇ ಚುಕ್ಕಿ ಅಲುಗದೆ ನಿಂತಿರಬೇಕು. ಮೂರನೆಯದು ಮಿಣುಕುತ್ತಿದ್ದರೆ ಶೋಕೇಸಿನ ಗಾಜಿನಲ್ಲಿ ಪ್ರತಿಫಲನವಾಗುತ್ತಿದೆ, ಇಲ್ಲವೇ ಬಿಸಿಲು ಬಿದ್ದಿದೆ, ಇಲ್ಲವೇ ಪಕ್ಕದ ದೇವರ ಗೂಡಿನಲ್ಲಿ ದೀಪ ಉರಿಯುತ್ತಿದೆ. ದೀಪದ ಜ್ವಾಲೆಯಲ್ಲೂ ಅತಿಗೆಂಪು ಬೆಳಕಿದೆ. ಎರಡು ಮೇಣದಬತ್ತಿ ಹಚ್ಚಿಟ್ಟು ಕೆಲಸ ನಡೆಸುವವರೂ ಇದ್ದಾರೆ. ಕೈ ಬೀಸುವ ಕಡೆ, ಮಕ್ಕಳಿರುವ ಮನೆಯಲ್ಲಿ, ದಯವಿಟ್ಟು ಅದು ಬೇಡ.

ಇನ್ನು ಆಟ. ವೀ ಸ್ಪೋರ್ಟ್ಸಿನ ಐದು ಆಟಗಳೂ ವ್ಯಾಯಾಮದ ಲೆಕ್ಕದಲ್ಲಿ ಸಮನಲ್ಲ. ಸುಮ್ಮನೆ ಕೂತಾಗ ಮೈ ಖರ್ಚು ಮಾಡುವ ಶಕ್ತಿಯನ್ನು, ಅಂದರೆ ಒಂದು ಕಿಲೋ ತೂಕಕ್ಕೆ ಗಂಟೆಗೆ ಸುಮಾರು ಒಂದು ಕಿಲೋ ಕ್ಯಾಲೊರಿಯನ್ನು, ಒಂದು ಮೆಟ್ ಎನ್ನುತ್ತಾರೆ. ಜಪಾನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಗಾಲ್ಫ್ 2, ಬೌಲಿಂಗ್ 2.6, ಟೆನಿಸ್ ಮತ್ತು ಬೇಸ್‌ಬಾಲ್ 3ರ ಆಸುಪಾಸು, ಬಾಕ್ಸಿಂಗ್ 4.2 ಮೆಟ್. ಮೂರು ಮೆಟ್ ದಾಟಿದರೆ ಮಧ್ಯಮ ವ್ಯಾಯಾಮ ಎಂದು ಲೆಕ್ಕ. ಬಾಕ್ಸಿಂಗ್ ಮಾತ್ರ ಬಿರುಸಿನ ನಡಿಗೆಯ ಸಾಲಿಗೆ ಬರುತ್ತದೆ. ಅರವತ್ತು ಕಿಲೋ ತೂಕದವರು ಇಪ್ಪತ್ತು ನಿಮಿಷ ಬಾಕ್ಸಿಂಗ್ ಆಡಿದರೆ ಅರವತ್ತು ಗುಣಿಸು 4.2, ಅದರಲ್ಲಿ ಮೂರನೇ ಒಂದು ಭಾಗ, ಅಂದರೆ 84 ಕಿಲೋ ಕ್ಯಾಲೊರಿ. ಸುಮ್ಮನೆ ಕೂತಿದ್ದರೂ ಅದರಲ್ಲಿ 20 ಖರ್ಚಾಗುತ್ತಿತ್ತು. ಆಟ ಕೊಟ್ಟದ್ದು 64. ದೊಡ್ಡ ಸಂಖ್ಯೆಯಲ್ಲ. ತೂಕ ಇಳಿಸಲು ಇದೊಂದನ್ನೇ ನಂಬಬೇಡಿ. ದಿನವೂ ಮೈ ಬಿಸಿಯಾಗಿ ಉಸಿರು ಏರಲಿ ಎಂಬ ಉದ್ದೇಶಕ್ಕೆ ಇದು ಸಾಕು.

ಆ 4.2 ಕೂಡ ಮೈಯಿಟ್ಟು ಆಡಿದರೆ ಮಾತ್ರ. ರಿಮೋಟಿಗೆ ಕೈಯ ಕುಲುಕು ಮಾತ್ರ ಗೊತ್ತು ಎಂದೆನಲ್ಲ, ಸೋಫಾದಲ್ಲಿ ಒರಗಿ ಮಣಿಕಟ್ಟು ಕುಲುಕಿದರೂ ಪರದೆಯ ಮೇಲಿನ ಗೊಂಬೆ ಗುದ್ದುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಮೈಗೆ ಈ ಗುಟ್ಟು ತಾನಾಗಿ ಸಿಕ್ಕಿಬಿಡುತ್ತದೆ. ಅಂಕ ಏರುತ್ತಾ ಹೋಗಿ ಬೆವರು ಇಳಿಯುತ್ತಾ ಬಂದರೆ ಅದೇ ಗುರುತು. ಆದ್ದರಿಂದ ಯಂತ್ರಕ್ಕೆ ಕಾಣದ ಕೆಲಸವನ್ನು ನಾವೇ ಕಟ್ಟುಪಾಡು ಮಾಡಿಕೊಳ್ಳಬೇಕು. ಕಾಲುಗಳನ್ನು ಭುಜದಗಲ ಇಟ್ಟು ಒಂದನ್ನು ಅರ್ಧ ಅಡಿ ಹಿಂದಕ್ಕೆ ಇಡಿ, ಮಂಡಿ ಸ್ವಲ್ಪ ಬಗ್ಗಿರಲಿ. ಎರಡು ಮುಷ್ಟಿಯೂ ಗದ್ದದ ಎತ್ತರದಲ್ಲಿರಲಿ. ಬಲಗೈ ಗುದ್ದುವಾಗ ಬಲ ಹಿಮ್ಮಡಿ ನೆಲದಿಂದ ಏಳಬೇಕು, ಸೊಂಟ ತಿರುಗಬೇಕು, ಕೈ ಅದರ ಹಿಂದೆ ಹೋಗಬೇಕು. ಕೈ ಪೂರ್ತಿ ನೇರವಾಗುವ ಸ್ವಲ್ಪ ಮುಂಚೆ ನಿಲ್ಲಿಸಿ ಗದ್ದಕ್ಕೆ ವಾಪಸ್ ತನ್ನಿ. ಎದುರಾಳಿ ಹೊಡೆಯಲು ಬಂದಾಗ ಕೈ ಮಾತ್ರ ಓರೆ ಮಾಡದೆ ಮಂಡಿ ಬಗ್ಗಿಸಿ ಇಡೀ ಮೈಯನ್ನು ಪಕ್ಕಕ್ಕೆ ತನ್ನಿ. ಸುತ್ತುಗಳ ನಡುವಿನ ಬಿಡುವಿನಲ್ಲಿ ನಿಂತಲ್ಲೇ ಹೆಜ್ಜೆ ಹಾಕಿ. ವಿಚಿತ್ರವೆಂದರೆ ಹೀಗೆ ಒಂದೊಂದಾಗಿ ಬಿಡಿಸಿ ಹೊಡೆದ ಗುದ್ದನ್ನೇ ಆಟವೂ ಚೆನ್ನಾಗಿ ಹಿಡಿಯುತ್ತದೆ. ಒಂದು ಗುದ್ದು ಮುಗಿಯುವ ಮುನ್ನ ಕುಲುಕಿದ ಎಷ್ಟೋ ಗುದ್ದುಗಳು ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ.

ತಾಳ ಸರಿಯಿದೆಯೇ ಎಂದು ತಿಳಿಯಲು ಗಡಿಯಾರವೂ ಬೇಡ. ಒಂದು ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಐದು ನಿಮಿಷ ಮೈ ಸಡಿಲಿಸಿ, ಇಪ್ಪತ್ತು ನಿಮಿಷ ಬಾಕ್ಸಿಂಗ್, ವಾರಕ್ಕೆ ಐದು ದಿನ. ಹಾಗೆ ಆಡಿದರೆ ವಾರಕ್ಕೆ ನೂರು ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ 150 ನಿಮಿಷದಲ್ಲಿ ಉಳಿದ ಐವತ್ತಕ್ಕೆ ನಡಿಗೆ ಇರಲಿ.

ಗಾಯದ ಮಾತು ಬಿಡುವಂತಿಲ್ಲ. 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಬ್ಬ ವೈದ್ಯರು ತಮ್ಮದೇ ಭುಜನೋವಿನ ಬಗ್ಗೆ ಪತ್ರ ಬರೆದರು. ಗಂಟೆಗಟ್ಟಲೆ ವೀ ಟೆನಿಸ್ ಆಡಿದ ಮರುದಿನ ಭುಜದ ಹಿಂಬದಿಯ ಸ್ನಾಯು ಹಿಡಿದುಕೊಂಡಿತ್ತು. ನಿಜವಾದ ಬ್ಯಾಟಿಗೆ ಚೆಂಡು ತಾಗುತ್ತದೆ, ಭಾರವೂ ಇರುತ್ತದೆ. ಹಗುರ ರಿಮೋಟನ್ನು ಗಾಳಿಯಲ್ಲಿ ಜೋರಾಗಿ ಬೀಸಿದಾಗ ಆ ವೇಗವನ್ನೆಲ್ಲ ತಡೆದು ನಿಲ್ಲಿಸುವ ಕೆಲಸ ಭುಜದ ಹಿಂದಿನ ಸಣ್ಣ ಸ್ನಾಯುಗಳ ಮೇಲೆ ಬೀಳುತ್ತದೆ. ಕೈ ನೇರವಾಗುವ ಮುಂಚೆ ನಿಲ್ಲಿಸಿ ಎಂದದ್ದು ಇದಕ್ಕೇ. ಮರುದಿನ ರಟ್ಟೆ ಭಾರವೆನಿಸಿದರೆ ಸಹಜ. ಕೈ ಮೇಲೆತ್ತಿ ತಲೆ ಬಾಚುವಾಗ ಭುಜದ ಹಿಂದೆ ಚುಚ್ಚಿದರೆ ಆಟ ನಿಲ್ಲಿಸಿ, ಒಂದು ವಾರದಲ್ಲಿ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಹೃದಯದ ತೊಂದರೆ, ಹಿಡಿತದಲ್ಲಿಲ್ಲದ ಬಿಪಿ ಇರುವವರು ಕೇಳಿಕೊಂಡೇ ಶುರು ಮಾಡಬೇಕು.

ಕೊನೆಗೆ ನಿಲ್ಲುವ ಜಾಗ. ಕೈ ಪಕ್ಕಕ್ಕೆ ಚಾಚಿದರೆ ಎದೆಯ ನಡುವಿನಿಂದ ಬೆರಳ ತುದಿಗೆ ನಿಮ್ಮ ಎತ್ತರದ ಅರ್ಧದಷ್ಟು. ಐದೂವರೆ ಅಡಿಯವರಿಗೆ ಎರಡೂ ಮುಕ್ಕಾಲು ಅಡಿ. ರಿಮೋಟಿಗೆ ಅರ್ಧ ಅಡಿ, ತಪ್ಪು ಹೆಜ್ಜೆಗೆ ಒಂದು ಅಡಿ ಸೇರಿಸಿದರೆ ನಾಲ್ಕೂಕಾಲು. ಹತ್ತು ಅಡಿ ಅಗಲದ ನಡುವೆ ನಿಂತರೆ ಎರಡೂ ಕಡೆ ಐದೈದು ಅಡಿ ಇದೆ, ಒಬ್ಬರಿಗೆ ಧಾರಾಳ, ಇಬ್ಬರಿಗೆ ಇಲ್ಲ. ಸರದಿಯ ಮೇಲೆ ಆಡಿ. ಟಿವಿ ಕಟ್ಟೆಯಿಂದ ಐದು ಅಡಿಗೆ ನೆಲದ ಮೇಲೆ ಟೇಪಿನ ಗೆರೆ ಅಂಟಿಸಿ. ಆಡುತ್ತಾ ಆಡುತ್ತಾ ಎಲ್ಲರೂ ಮುಂದಕ್ಕೆ ಜಾರುತ್ತಾರೆ, ಕಾಲ್ಬೆರಳಿಗೆ ಟೇಪು ತಾಗಿದಾಗ ಗೊತ್ತಾಗುತ್ತದೆ. ಟೆನಿಸಿನ ಸರ್ವ್ ಹೊಡೆಯುವುದಾದರೆ ಫ್ಯಾನ್ ನೋಡಿ: ಆರಡಿಗೆ ಹತ್ತಿರದವರು ರಿಮೋಟ್ ಹಿಡಿದು ಕೈ ಎತ್ತಿದರೆ ಎಂಟು ಅಡಿ ಮುಟ್ಟಬಹುದು. ಟೈಲ್ಸ್ ಮೇಲೆ ಸಾಕ್ಸ್ ಬೇಡ, ಬರಿಗಾಲಿರಲಿ, ಬೆವರು ಬಿದ್ದರೆ ಒರೆಸಿ. ತೆಳು ಯೋಗ ಮ್ಯಾಟ್ ಸೊಂಟ ತಿರುಗಿಸುವಾಗ ಮುದುಡಿಕೊಂಡು ಎಡವಿಸುತ್ತದೆ. ರಿಮೋಟಿನ ದಾರ ಮಣಿಕಟ್ಟಿಗೆ ಹಾಕಿ ಬಿಗಿ ಮಾಡಿ, ನಂಚಕ್ಕಿನ ಪ್ಲಗ್ಗಿನಲ್ಲಿರುವ ಕೊಕ್ಕೆಗೂ ಆ ದಾರವನ್ನು ಸಿಕ್ಕಿಸಿ, ಬೆವರಿದ ಅಂಗೈ ಒರೆಸಿಕೊಂಡು ಮೊದಲ ಗುದ್ದು ಹೊಡೆಯಿರಿ.