ಆಫೀಸ್ ಶಿಫ್ಟ್ ಆಗ್ತಿದೆ: ಗ್ರಾಹಕರಿಗೂ ವೆಂಡರ್‌ಗಳಿಗೂ ಪತ್ರ ಹೇಗಿರಬೇಕು?

ಎಲ್ಲರಿಗೂ ನಮಸ್ಕಾರ. ಪರದೆ ಮೇಲೆ ಕಾಣ್ತಿರೋದು ರಾಜಾಜಿನಗರದ ಒಂದು ಆಫೀಸು. ಪಂಪ್‌ಗಳ ಬಿಡಿಭಾಗ ತರಿಸಿ ಮಾರುವ ಸಣ್ಣ ಸಂಸ್ಥೆ ಅಂತ ಇಟ್ಕೊಳ್ಳಿ. ಇವರು ಪೀಣ್ಯ ಕೈಗಾರಿಕಾ ಪ್ರದೇಶದ 2ನೇ ಹಂತಕ್ಕೆ ಹೋಗ್ತಿದ್ದಾರೆ. ನವೆಂಬರ್ 16, ಸೋಮವಾರದಿಂದ ಹೊಸ ಜಾಗದಲ್ಲಿ ಕೆಲಸ ಶುರು. ಗ್ರಾಹಕರಿಗೂ ವೆಂಡರ್‌ಗಳಿಗೂ ಪತ್ರ ಕಳಿಸಬೇಕು. ಆ ಒಂದು ಪುಟದ ಪತ್ರವನ್ನೇ ಇವತ್ತು ಕೂತು ಬರೆಯೋಣ.

ಸಾಮಾನ್ಯವಾಗಿ ಇಂಥ ಪತ್ರ ಹೇಗಿರುತ್ತೆ? "ನಮ್ಮ ಕಚೇರಿ ಸ್ಥಳಾಂತರಗೊಂಡಿದೆ ಎಂದು ತಿಳಿಸಲು ಹರ್ಷಿಸುತ್ತೇವೆ," ಕೆಳಗೆ ಹೊಸ ವಿಳಾಸ, ಮುಗೀತು. ಓದಿದ ವೆಂಡರ್‌ಗೆ ಬೇಕಾಗಿದ್ದು ಅದರಲ್ಲಿ ಇರೋದೇ ಇಲ್ಲ. ಅವರ ಪ್ರಶ್ನೆ ಒಂದೇ: ನಾಳೆ ಲೋಡ್ ಮಾಡೋ ಮಾಲು ಯಾವ ಬಾಗಿಲಿಗೆ ಬರಬೇಕು?

ಕೊಯಮತ್ತೂರಿನ ವೆಂಡರ್ ಒಬ್ಬರನ್ನೇ ತಗೊಳ್ಳಿ. ಗುರುವಾರ ಸಂಜೆ ಅವರು ಟ್ರಾನ್ಸ್‌ಪೋರ್ಟ್‌ಗೆ ಮಾಲು ಹಾಕ್ತಾರೆ. ಬೆಲೆ 50,000 ರೂಪಾಯಿ ದಾಟಿರೋದರಿಂದ ಇ-ವೇ ಬಿಲ್ ಬೇಕು. ಅದರಲ್ಲಿ ತಲುಪಬೇಕಾದ ಜಾಗ ರಾಜಾಜಿನಗರ, ಪಿನ್ 560010. ಪಾರ್ಸೆಲ್ ಲಾರಿ ನಾಲ್ಕು ಕಡೆ ಮಾಲು ಇಳಿಸಿಕೊಂಡು ಶನಿವಾರ ಬೆಂಗಳೂರು ಸೇರುತ್ತೆ. ಅಷ್ಟೊತ್ತಿಗೆ ರಾಜಾಜಿನಗರದ ಶಟರ್‌ಗೆ ಬೀಗ ಬಿದ್ದಿದೆ. ಡ್ರೈವರ್ ಪೀಣ್ಯಕ್ಕೆ ತಿರುಗಿಸ್ತೀನಿ ಅಂದರೂ ಕಾಗದ ಒಪ್ಪಲ್ಲ. ಇ-ವೇ ಬಿಲ್‌ನಲ್ಲಿ ವಾಹನದ ನಂಬರ್ ಬದಲಾಯಿಸಬಹುದು, ಆದರೆ ವಿಳಾಸ ತಪ್ಪಿದ್ದರೆ ಅದನ್ನು ರದ್ದು ಮಾಡಿ ಹೊಸದು ತೆಗೀಬೇಕು. ರದ್ದು ಮಾಡೋದಕ್ಕೂ ತೆಗೆದ 24 ಗಂಟೆಯೊಳಗೆ ಮಾತ್ರ ಅವಕಾಶ, ದಾರಿಯಲ್ಲಿ ತಪಾಸಣೆ ಆಗಿಬಿಟ್ಟಿದ್ದರೆ ಅದೂ ಇಲ್ಲ. ಗುರುವಾರದ ಬಿಲ್ಲಿಗೆ ಶನಿವಾರ ಏನೂ ಮಾಡೋಕಾಗಲ್ಲ.

ಹಾಗಾಗಿ ಪತ್ರದ ಮೊದಲ ಪ್ಯಾರಾದಲ್ಲೇ ಗಡುವು ಬರೀರಿ, ಅದೂ ಮಾಲು ಹೊರಡೋ ದಿನದ ಲೆಕ್ಕದಲ್ಲಿ ಅಲ್ಲ, ತಲುಪೋ ದಿನದ ಲೆಕ್ಕದಲ್ಲಿ. "ನವೆಂಬರ್ 12, ಗುರುವಾರದೊಳಗೆ ನಮ್ಮನ್ನು ತಲುಪುವ ಮಾಲನ್ನು ಹಳೆಯ ವಿಳಾಸಕ್ಕೆ ಕಳಿಸಿ. 13, 14, 15ರಂದು ಎಲ್ಲಿಯೂ ಮಾಲು ಇಳಿಸಿಕೊಳ್ಳುವುದಿಲ್ಲ. 16ರಿಂದ ಹೊಸ ವಿಳಾಸ." ದೂರದ ವೆಂಡರ್ ತನ್ನ ಸಾಗಣೆ ದಿನಗಳನ್ನ ತಾನೇ ಲೆಕ್ಕ ಹಾಕಿಕೊಂಡು ಬಿಲ್ ಮಾಡ್ತಾರೆ. ನಡುವಿನ ಆ ಮೂರು ದಿನ ಖಾಲಿ ಬಿಡೋದು ನನ್ನ ಪ್ರಕಾರ ಇಡೀ ಪತ್ರದಲ್ಲಿ ಅತಿ ಉಪಯೋಗದ ಸಾಲು. ರ‍್ಯಾಕ್ ಬಿಚ್ಚುತ್ತಿರೋ ಹೊತ್ತಿಗೆ ಬಂದ ಪೆಟ್ಟಿಗೆಯನ್ನ ಎಣಿಸಿ ಸಹಿ ಹಾಕೋಕೆ ಯಾರೂ ಸಿಗಲ್ಲ.

ಈ ಗಡುವು ಬರೆಯೋ ಮುಂಚೆ ಒಂದು ಕೆಲಸ ಮುಗಿದಿರಬೇಕು. ಹೊಸ ಜಾಗ ಜಿಎಸ್‌ಟಿ ನೋಂದಣಿಯಲ್ಲಿ ಇರಬೇಕು. ಪೋರ್ಟಲ್‌ನಲ್ಲಿ Services, ಅದರೊಳಗೆ Registration, ಅಲ್ಲಿ Amendment of Registration Core Fields. ವಿಳಾಸ ಬದಲಾದ 15 ದಿನದೊಳಗೆ ಅರ್ಜಿ ಹಾಕಬೇಕು ಅನ್ನೋದು ನಿಯಮ. ಬಾಡಿಗೆ ಕರಾರು ಮತ್ತು ಮಾಲೀಕರ ಹೆಸರಿನ ಕರೆಂಟ್ ಬಿಲ್ ಕೈಯಲ್ಲಿರಲಿ. ಎರಡರಲ್ಲೂ ಶೆಡ್ ನಂಬರ್ ಒಂದೇ ಥರ ಇದೆಯಾ ನೋಡಿ. ಒಂದರಲ್ಲಿ 14/ಎ, ಇನ್ನೊಂದರಲ್ಲಿ ಬರೀ 14 ಅಂತಿದ್ದರೆ ಅಧಿಕಾರಿ ವಿವರಣೆ ಕೇಳ್ತಾರೆ, ವಾರಗಳು ಹೋಗ್ತವೆ. ಕರಾರು ಕೈಗೆ ಬಂದ ಕೂಡಲೇ ಪೀಣ್ಯವನ್ನ ಮೊದಲು ಹೆಚ್ಚುವರಿ ಜಾಗವಾಗಿ ಸೇರಿಸಿ, ಸ್ಥಳಾಂತರ ಆದಮೇಲೆ ಅದನ್ನ ಮುಖ್ಯ ಜಾಗ ಮಾಡಿ ರಾಜಾಜಿನಗರ ತೆಗೆಸೋದು ಒಳ್ಳೇದು. ಆಗ ಎರಡು ಕಡೆ ಮಾಲು ಇರೋ ದಿನಗಳಲ್ಲೂ ದಾಖಲೆ ಸರಿಯಾಗಿರುತ್ತೆ.

ರಾಜ್ಯ ಬದಲಾಗಿಲ್ಲವಾದ್ದರಿಂದ ಜಿಎಸ್‌ಟಿ ನಂಬರ್ ಅದೇ ಇರುತ್ತೆ. ಇದನ್ನ ಪತ್ರದಲ್ಲಿ ಬರೆಯಲೇಬೇಕು. ಇಲ್ಲದಿದ್ದರೆ ವೆಂಡರ್ ಕಡೆಯ ಅಕೌಂಟೆಂಟ್ ನಿಮ್ಮನ್ನ ಹೊಸ ಪಾರ್ಟಿ ಅಂತ ಇನ್ನೊಂದು ಲೆಡ್ಜರ್ ತೆರೀತಾರೆ, ಬಾಕಿ ಎರಡು ಕಡೆ ಒಡೆದುಹೋಗುತ್ತೆ. ಅಕಸ್ಮಾತ್ ಒಂದು ಬಿಲ್ಲಿನಲ್ಲಿ ಹಳೇ ವಿಳಾಸ ಉಳಿದುಬಿಟ್ಟರೆ ಗಾಬರಿ ಬೇಡ. ಜಿಎಸ್‌ಟಿ ನಂಬರ್ ಸರಿ ಇದ್ದು ವೆಂಡರ್ ತಮ್ಮ ರಿಟರ್ನ್‌ನಲ್ಲಿ ತೋರಿಸಿದರೆ ಬಿಲ್ ನಿಮ್ಮ ಜಿಎಸ್‌ಟಿಆರ್-2ಬಿಗೆ ಬರುತ್ತೆ. ವಿಳಾಸ ಮಾತ್ರ ತಿದ್ದಿಸಿಕೊಳ್ಳಿ.

ಗ್ರಾಹಕರ ಕಡೆಯ ತೊಂದರೆ ಬೇರೆ. ದೊಡ್ಡ ಕಂಪನಿಗಳಲ್ಲಿ ನಿಮ್ಮ ವಿಳಾಸ ವೆಂಡರ್ ಮಾಸ್ಟರ್ ಅನ್ನೋ ದಾಖಲೆಯಲ್ಲಿ ಕೂತಿರುತ್ತೆ. ನಿಮ್ಮ ಬಿಲ್ಲಿನ ತಲೆಬರಹದಲ್ಲಿ ಪೀಣ್ಯ, ಅವರ ದಾಖಲೆಯಲ್ಲಿ ರಾಜಾಜಿನಗರ ಅಂತಿದ್ದರೆ ಬಿಲ್ ತಡೆದು ನಿಲ್ಲಿಸ್ತಾರೆ, ಹಣ ಮುಂದಿನ ಪಾವತಿಗೆ ಹೋಗುತ್ತೆ. ಆದ್ದರಿಂದ ಅವರಿಗೆ ಕಳಿಸೋ ಪ್ರತಿಯ ಜೊತೆ ತಿದ್ದುಪಡಿಯಾದ ಜಿಎಸ್‌ಟಿ ಪ್ರಮಾಣಪತ್ರ ಲಗತ್ತಿಸಿ, ನಡೀತಿರೋ ಪರ್ಚೇಸ್ ಆರ್ಡರ್‌ಗಳ ನಂಬರ್ ಬರೆದು "ಇವುಗಳಲ್ಲಿ ನಮ್ಮ ವಿಳಾಸ ತಿದ್ದಿಕೊಡಿ" ಅಂತ ಕೇಳಿ. ಕರಾರು ಇದ್ದರೆ ಅದರ ನೋಟಿಸ್ ಕಲಂ ಓದಿ. ಲಿಖಿತವಾಗಿ ಅಂಚೆಯಲ್ಲಿ ಅಂತಿದ್ದರೆ ಇಮೇಲ್ ಸಾಲದು.

ಈಗ ಬದಲಾಗದೇ ಇರೋ ವಿಷಯಕ್ಕೆ ಬರೋಣ. ಇಲ್ಲಿ ದಯವಿಟ್ಟು ನಿಧಾನಿಸಿ. ಕಚೇರಿ ಬದಲಾಗಿದೆ ಅನ್ನೋ ಸುದ್ದಿ ಹಬ್ಬಿದ ದಿನಗಳಲ್ಲೇ ಮೋಸಗಾರರಿಗೆ ಅನುಕೂಲ. ನಿಮ್ಮ ಹೆಸರಲ್ಲೇ ಗ್ರಾಹಕರಿಗೆ ಇನ್ನೊಂದು ಮೇಲ್ ಹೋಗುತ್ತೆ: "ಆಫೀಸ್ ಜೊತೆ ಬ್ಯಾಂಕೂ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಾಕಿ." ಡೊಮೈನ್ ಹೆಸರಿನಲ್ಲಿ m ಇರೋ ಕಡೆ r ಮತ್ತು n ಪಕ್ಕಪಕ್ಕ ಇಟ್ಟಿರ್ತಾರೆ. ಪರದೆ ಮೇಲೆ ನೋಡಿ, m, rn. ಮೊಬೈಲ್‌ನ ಸಣ್ಣ ಅಕ್ಷರದಲ್ಲಿ ಎರಡೂ ಒಂದೇ ಥರ. ಆ ಮೇಲ್ ಒಳಗೇ ಕೊಟ್ಟಿರೋ ಫೋನ್ ನಂಬರ್‌ಗೆ ಕರೆ ಮಾಡಿ ವಿಚಾರಿಸಿದರೆ ಎತ್ತೋದು ಮೋಸಗಾರನೇ.

ಅದಕ್ಕೇ ಈ ಸಾಲುಗಳನ್ನ ಹೀಗೆ ಬರೀರಿ: "ನಮ್ಮ ದೂರವಾಣಿ, ವಾಟ್ಸಾಪ್, ಇಮೇಲ್, ಜಿಎಸ್‌ಟಿ ನಂಬರ್ ಮತ್ತು ಬ್ಯಾಂಕ್ ಖಾತೆ ಯಾವುದೂ ಬದಲಾಗಿಲ್ಲ. ಖಾತೆ ಬದಲಾಗಿದೆ ಎಂಬ ಪತ್ರ ಬಂದರೆ ಹಣ ಕಳಿಸಬೇಡಿ. ನಮ್ಮ ಹಳೆಯ ಬಿಲ್ಲಿನಲ್ಲಿ ಮುದ್ರಿತವಾಗಿರುವ ನಂಬರಿಗೆ ಕರೆ ಮಾಡಿ ಕೇಳಿ." ಖಾತೆ ನಂಬರನ್ನ ಪತ್ರದಲ್ಲಿ ಮತ್ತೆ ಮುದ್ರಿಸಬೇಡಿ. ಅವರ ಹತ್ತಿರ ಅದು ಈಗಾಗಲೇ ಇದೆ, ನೀವು ಮತ್ತೆ ಕೊಟ್ಟರೆ ಮೋಸಗಾರ ನಕಲು ಮಾಡೋಕೆ ಮಾದರಿ ಸಿಕ್ಕ ಹಾಗೆ.

ಹಾಗೆ ಮಾತು ಕೊಡೋ ಮುಂಚೆ ಲ್ಯಾಂಡ್‌ಲೈನ್ ವಿಚಾರಿಸಿ. ಎಕ್ಸ್‌ಚೇಂಜ್ ಬದಲಾದರೆ ನಂಬರೂ ಬದಲಾಗಬಹುದು. ಕಂಪನಿಯವರಿಂದ ಲಿಖಿತ ಉತ್ತರ ಬರೋವರೆಗೆ ಪತ್ರದಲ್ಲಿ ಮೊಬೈಲ್ ನಂಬರ್ ಮಾತ್ರ ಇರಲಿ.

ವಿಳಾಸವನ್ನ ಲಾರಿ ಡ್ರೈವರ್ ಓದ್ತಾರೆ ಅಂತ ಅಂದುಕೊಂಡು ಬರೀರಿ. ಶೆಡ್ ನಂಬರ್, ಅಡ್ಡರಸ್ತೆ, ಹಂತ, ಪಿನ್ 560058. ಪೀಣ್ಯದಲ್ಲಿ ಹಂತ ಬಿಟ್ಟರೆ ಲಾರಿ ಅಲೆಯೋದು ಖಾತ್ರಿ. ಗೇಟಿನ ಮುಂದೆ ನಿಂತು ತೆಗೆದ ಮ್ಯಾಪ್ ಲಿಂಕ್ ಕೊಡಿ, ಮಾಲು ಇಳಿಸೋ ಗೇಟು ಹಿಂದಿನ ರಸ್ತೆಯಲ್ಲಿದ್ದರೆ ಅದನ್ನೂ ಬರೀರಿ, ಮಾಲು ಪಡೆಯೋ ವೇಳೆ ಹಾಕಿ. ಮ್ಯಾಪ್‌ನಲ್ಲಿ ಹೊಸ ಗುರುತು ಸೃಷ್ಟಿಸದೆ ಹಳೇದನ್ನೇ ತಿದ್ದಿ, ಇಲ್ಲದಿದ್ದರೆ ಎರಡೂ ಕಡೆ ನಿಮ್ಮ ಹೆಸರು ಕಾಣುತ್ತೆ.

ಪತ್ರ ಮೂರು ವಾರ ಮುಂಚೆ ಒಮ್ಮೆ, ಗಡುವಿಗೆ ಮೂರು ದಿನ ಇರುವಾಗ ಇನ್ನೊಮ್ಮೆ ಹೋಗಲಿ. ಎರಡನೇ ಸಲ ವೆಂಡರ್‌ಗಳಿಗೆ ಗಡುವಿನ ಸಾಲು ಮಾತ್ರ ವಾಟ್ಸಾಪ್ ಮಾಡಿ. ಡಿಸ್ಪ್ಯಾಚ್ ನೋಡಿಕೊಳ್ಳೋರ ನಂಬರಿಗೇ ಹೋಗಬೇಕು, ಮಾಲೀಕರ ಇನ್‌ಬಾಕ್ಸಿಗೆ ಹೋದದ್ದು ಗೋದಾಮಿಗೆ ಇಳಿಯಲ್ಲ. ಹಳೇ ಜಾಗದ ಅಂಚೆ ಕಚೇರಿಗೆ ಟಪಾಲು ತಿರುಗಿಸಿ ಅಂತ ಅರ್ಜಿ ಕೊಡಿ, ರಾಜಾಜಿನಗರದ ಶಟರ್ ಮೇಲೆ ಹೊಸ ವಿಳಾಸದ ಹಾಳೆ ಲ್ಯಾಮಿನೇಟ್ ಮಾಡಿಸಿ ಅಂಟಿಸಿ. ಪತ್ರದ ಕನ್ನಡ, ಇಂಗ್ಲಿಷ್ ಮಾದರಿ ಎರಡೂ ಕೆಳಗೆ ವಿವರಣೆಯಲ್ಲಿ ಹಾಕಿದ್ದೀನಿ.