ಭಾವನವರ ನಿವೃತ್ತಿ ಪತ್ರ

ಕೇಳುಗರಿಗೆ ನಮಸ್ಕಾರ.

ನಮ್ಮ ಭಾವನವರು ಕೊಪ್ಪಳದ ಹತ್ತಿರ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. 2025ರ ಮೇ 31ಕ್ಕೆ ಅರವತ್ತು ತುಂಬಿ ನಿವೃತ್ತರಾದರು. ಶಾಲು, ಹಾರ, ಒಂದು ಗೋಡೆ ಗಡಿಯಾರ, ಜೊತೆಗೆ ಒಂದು ಪತ್ರ. ಮುಂದಿನ ಭಾನುವಾರ ಬಳ್ಳಾರಿಗೆ ನಮ್ಮ ಮನೆಗೆ ಬಂದವರೇ ಜೇಬಿನಿಂದ ಆ ಪತ್ರ ತೆಗೆದು ಇಟ್ಟರು. "ನೋಡಪ್ಪಾ, ಲೆಕ್ಕದ ಕೆಲಸದಾಗ ಇದ್ದಾಂವ ನೀನು. ಇದ್ರಾಗ ಏನ್ ಬರ್ದಾರ, ನನಗಂತೂ ತಿಳೀವಲ್ದು" ಅಂದರು.

ಮೂವತ್ತು ವರ್ಷ ನಾನೂ ಇಂಥ ಪತ್ರಗಳನ್ನು ಟೈಪ್ ಮಾಡಿಸಿ ಸಹಿಗೆ ಕಳಿಸಿದವನೇ. ಆದರೆ ಪಡೆಯುವವರ ಪಕ್ಕದಲ್ಲಿ ಕೂತು ಓದಿದ್ದು ಅದೇ ಮೊದಲು.

ಒಂದೇ ಹಾಳೆ, ನಾಲ್ಕು ಸಾಲು. ಗ್ರಾಚ್ಯುಟಿ 4,21,200 ರೂಪಾಯಿ. ರಜೆ ನಗದೀಕರಣ ಇಷ್ಟು ದಿನಕ್ಕೆ ಇಷ್ಟು. ಭವಿಷ್ಯ ನಿಧಿಯನ್ನು ಪಿ.ಎಫ್. ಕಚೇರಿಯಿಂದ ಪಡೆಯತಕ್ಕದ್ದು. ಪಿಂಚಣಿಯನ್ನು ನಿಯಮಾನುಸಾರ ಪಡೆಯತಕ್ಕದ್ದು. ಕೆಳಗೆ ಸಹಿ, ಸೀಲು.

ಇದರಲ್ಲೇ ಒಂದು ಸಂಗತಿ ಗಮನಿಸಿ. ದುಡ್ಡು ನಾಲ್ಕು ಬಗೆ, ಆದರೆ ಬಾಗಿಲು ಎರಡೇ. ಗ್ರಾಚ್ಯುಟಿ, ರಜೆಯ ದುಡ್ಡು ಕಂಪನಿ ಕೊಡಬೇಕು. ಪಿ.ಎಫ್. ಮತ್ತು ಪಿಂಚಣಿ ಕೊಡುವುದು ಪಿ.ಎಫ್. ಕಚೇರಿ. ಕಂಪನಿಯ ಪತ್ರದಲ್ಲಿ ಪಿಂಚಣಿ ಎಷ್ಟು ಅಂತ ಬರೆದಿಲ್ಲ ಅಂದರೆ ಮೋಸ ಅಂತಲ್ಲ. ಅದನ್ನು ಲೆಕ್ಕ ಹಾಕುವುದು ಅವರ ಕೆಲಸವೇ ಅಲ್ಲ.

ಮೊದಲು ಗ್ರಾಚ್ಯುಟಿ. ಕೈಯಲ್ಲಿ ಪೆನ್ನು ಇದ್ದರೆ ತಗೊಳ್ಳಿ, ಇಲ್ಲದಿದ್ದರೂ ಪರವಾಗಿಲ್ಲ, ಸಣ್ಣ ಲೆಕ್ಕ. ಕೊನೆ ತಿಂಗಳ ಮೂಲ ವೇತನಕ್ಕೆ ತುಟ್ಟಿಭತ್ಯೆ ಕೂಡಿಸಿ. ನಮ್ಮ ಭಾವನವರದು 31,200 ರೂಪಾಯಿ. ಇದನ್ನು 26ರಿಂದ ಭಾಗಿಸಿದರೆ ಒಂದು ದಿನದ ಸಂಬಳ 1,200. ವರ್ಷಕ್ಕೆ ಹದಿನೈದು ದಿನದ ಸಂಬಳ ಕೊಡಬೇಕು, ಅಂದರೆ 18,000. ಅವರು ಸೇರಿದ್ದು 1998ರ ಜೂನ್ 1ಕ್ಕೆ, 27 ವರ್ಷ ಸೇವೆ. ಹದಿನೆಂಟು ಸಾವಿರವನ್ನು ಇಪ್ಪತ್ತೇಳರಿಂದ ಗುಣಿಸಿದರೆ 4,86,000.

ಪತ್ರದಲ್ಲಿ ಇದ್ದದ್ದು 4,21,200. ಹಾಗಾದರೆ 64,800 ರೂಪಾಯಿ ಎಲ್ಲಿ ಹೋಯಿತು?

ಉತ್ತರ ಆ 26ರಲ್ಲಿದೆ. ಪತ್ರ ಬರೆದವರು 30ರಿಂದ ಭಾಗಿಸಿದ್ದರು. ತಿಂಗಳಿಗೆ ಮೂವತ್ತು ದಿನ ಅಲ್ವಾ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ವಾರದ ರಜೆ ಕಳೆದರೆ ತಿಂಗಳಿಗೆ ಕೆಲಸದ ದಿನ ಇಪ್ಪತ್ತಾರು. ತಿಂಗಳ ಸಂಬಳದವರಿಗೆ 26ರಿಂದಲೇ ಭಾಗಿಸಬೇಕು ಅಂತ 1972ರ ಗ್ರಾಚ್ಯುಟಿ ಕಾಯಿದೆಯಲ್ಲೇ ಇದೆ. ಭಾವನವರ ಪರವಾಗಿ ನಾನೇ ಅರ್ಧ ಪುಟದ ಅರ್ಜಿ ಬರೆದುಕೊಟ್ಟೆ. ಜಗಳ ಏನಿಲ್ಲ, ಬರೀ ಲೆಕ್ಕ. ಹತ್ತು ದಿನದಲ್ಲಿ ಹೊಸ ಪತ್ರ ಬಂತು. ಬೇಕಂತ ಮಾಡಿದ್ದಲ್ಲ, ಹಳೇ ಎಕ್ಸೆಲ್ ಶೀಟ್ ಅಂದರು. ನಾನು ನಂಬಿದೆ. ಆದರೆ ಆ ಶೀಟಿನಲ್ಲಿ ಇನ್ನೆಷ್ಟು ಜನರ ಲೆಕ್ಕ ಹಾಕಿದ್ದರೋ.

ವರ್ಷ ಎಣಿಸುವಾಗಲೂ ನೋಡಿಕೊಳ್ಳಿ. ಕೊನೆಗೆ ಉಳಿದ ತಿಂಗಳು ಆರನ್ನು ದಾಟಿದ್ದರೆ ಅದು ಪೂರ್ತಿ ವರ್ಷ. ಸೇರಿದ ತಾರೀಖಿನಿಂದ ಎಣಿಸಬೇಕು, ಕಾಯಂ ಆದ ತಾರೀಖಿನಿಂದಲ್ಲ. ಹಕ್ಕು ಬಂದ 30 ದಿನದೊಳಗೆ ದುಡ್ಡು ಕೈ ಸೇರಬೇಕು, ತಡವಾದರೆ ಬಡ್ಡಿ ಕೇಳಬಹುದು. ಇನ್ನೊಂದು ಮಾತು. 2025ರ ನವೆಂಬರ್ 21ರಿಂದ ಆ 1972ರ ಕಾಯಿದೆಯ ಜಾಗಕ್ಕೆ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಮೀರಿದ ಭಾಗವೂ ವೇತನದ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಭಾವನವರು ಅದಕ್ಕೂ ಮೊದಲೇ ಹೊರಬಂದವರು, ಅವರಿಗೆ ಹಳೇ ಕಾಯಿದೆಯೇ.

ರಜೆಯ ದುಡ್ಡಿನ ಬಗ್ಗೆ ಹೇಳುವುದು ಕಡಿಮೆ. ಎಷ್ಟು ದಿನ ಉಳಿದಿದೆ ಅಂತ ನಿಮ್ಮ ರಜೆ ಕಾರ್ಡಿಗೆ ಹೋಲಿಸಿ ನೋಡಿ, ಯಾವ ಸಂಬಳದ ಮೇಲೆ ಲೆಕ್ಕ ಹಾಕಿದ್ದಾರೆ ಕೇಳಿ. ಭಾವನವರದು ಸರಿ ಇತ್ತು.

ಈಗ ಪಿ.ಎಫ್. ಇಲ್ಲೇ ನನಗೆ ನಿಜವಾಗಿ ಆಶ್ಚರ್ಯ ಆದದ್ದು. ಮೊಬೈಲಿನಲ್ಲಿ ಅವರ ಪಾಸ್‌ಬುಕ್ ತೆರೆದೆವು. ವಿಳಾಸ passbook.epfindia.gov.in ಅಂತ, ಉಮಂಗ್ ಆ್ಯಪಿನಲ್ಲೂ ಸಿಗುತ್ತದೆ. ಪ್ರತಿ ತಿಂಗಳಿಗೂ ಮೂರು ಅಂಕಣ. ಮೊದಲನೆಯದು ನಮ್ಮ ಸಂಬಳದಿಂದ ಕಡಿದದ್ದು. ಎರಡನೆಯದು ಕಂಪನಿಯ ಪಾಲು. ಮೂರನೆಯದು ಪಿಂಚಣಿಗೆ ಹೋದದ್ದು. ಆ ಮೂರನೇ ಅಂಕಣದ ದುಡ್ಡು ಬೇರೆ ಯಾರದೋ ಅಲ್ಲ, ಕಂಪನಿಯ ಪಾಲಿನಿಂದಲೇ ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ ಪಿಂಚಣಿ ಕಡೆಗೆ ತಿರುಗುತ್ತದೆ.

ಕೊನೆ ತಿಂಗಳ ಸಾಲು ಓದಿದೆ. ಭಾವನವರದು 3,744. ಕಂಪನಿಯದು 2,494. ಪಿಂಚಣಿಗೆ 1,250. ನೋಡುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಸರಿ ಇಲ್ಲ. ಯಾಕೆಂದರೆ ನೌಕರಿ ಮುಗಿಯುವುದು ಅರವತ್ತಕ್ಕೆ, ಆದರೆ ಪಿ.ಎಫ್. ಪಿಂಚಣಿ ಯೋಜನೆಯ ವಯಸ್ಸು 58. ಐವತ್ತೆಂಟು ತುಂಬಿದ ಮೇಲೆ ಪಿಂಚಣಿಗೆ ಒಂದು ಪೈಸೆಯೂ ಹೋಗಬಾರದು. ಆ 1,250 ಎರಡನೇ ಅಂಕಣದಲ್ಲೇ ಉಳಿದು ಪಿ.ಎಫ್. ಆಗಬೇಕು. ಭಾವನವರ ಹುಟ್ಟಿದ ದಿನ 1965ರ ಜೂನ್ 1. ನಮ್ಮ ಕಡೆ ಆ ಕಾಲದವರದು ಅರ್ಧಕ್ಕರ್ಧ ಜೂನ್ ಒಂದೇ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಹುಟ್ಟಿದ ದಿನ. ಇರಲಿ. 2023ರ ಜೂನ್‌ನಿಂದ ಮೂರನೇ ಅಂಕಣದಲ್ಲಿ ಸೊನ್ನೆ ಇರಬೇಕಿತ್ತು. ಇಪ್ಪತ್ನಾಲ್ಕು ತಿಂಗಳು 1,250 ಹೋಗಿದೆ. ಮೂವತ್ತು ಸಾವಿರ ರೂಪಾಯಿ, ಬಡ್ಡಿ ಬೇರೆ.

ಇದರಿಂದ ನಷ್ಟವಷ್ಟೇ ಅಲ್ಲ, ತೊಡಕೂ ಇದೆ. ಪಿಂಚಣಿ ಅರ್ಜಿ ಹಾಕಿದಾಗ, 58 ಆದ ಮೇಲೂ ವಂತಿಗೆ ಯಾಕೆ ಬಂದಿದೆ ಅಂತ ಅಲ್ಲಿ ನಿಲ್ಲಿಸಬಹುದು. ಸರಿ ಮಾಡಿಸುವ ದಾರಿ ಕಂಪನಿಯ ಮೂಲಕವೇ. ಈ ತಿಂಗಳುಗಳ ದುಡ್ಡು ತಪ್ಪಿ ಪಿಂಚಣಿ ಖಾತೆಗೆ ಹೋಗಿದೆ, ಪಿ.ಎಫ್. ಖಾತೆಗೆ ತಿರುಗಿಸಿ ಅಂತ ಕಂಪನಿ ಪಿ.ಎಫ್. ಕಚೇರಿಗೆ ಬರೆಯಬೇಕು. ನೀವು 58 ದಾಟಿ ಇನ್ನೂ ಕೆಲಸದಲ್ಲಿದ್ದರೆ ಇವತ್ತೇ ಆ ಮೂರನೇ ಅಂಕಣ ನೋಡಿ. ಕೆಲಸದಲ್ಲಿ ಇರುವಾಗ ಸರಿ ಮಾಡಿಸುವುದು ಸಲೀಸು.

ಭಾವನವರು ಇನ್ನೊಂದು ಕೇಳಿದರು. "ಮೂರನೇದ್ರಾಗ ಒಟ್ಟು ಇಷ್ಟು ರೊಕ್ಕ ಐತಲ್ಲ, ಅದೂ ಕೈಗೆ ಬರ್ತದೇನು?" ಬರುವುದಿಲ್ಲ. ಹತ್ತು ವರ್ಷ ಸೇವೆ ಆದವರಿಗೆ ಅದು ಇಡಿಗಂಟಾಗಿ ಸಿಗುವುದಿಲ್ಲ. ಅದರ ಬದಲಿಗೆ ತಿಂಗಳ ಪಿಂಚಣಿ.

ಆ ಪಿಂಚಣಿ ಎಷ್ಟು? ಭಾವನವರ ಗೆಳೆಯರು ಯಾರೋ ಲೆಕ್ಕ ಹಾಕಿಕೊಟ್ಟಿದ್ದರು, 5,786 ರೂಪಾಯಿ. ಸೂತ್ರವೇನೋ ಸರಿಯೇ. ಪಿಂಚಣಿ ಲೆಕ್ಕಕ್ಕೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸಂಬಳ ಎಷ್ಟೇ ಇರಲಿ, 15,000ಕ್ಕೆ ಮಿತಿ. ಆ ಗೆಳೆಯರು ಇಪ್ಪತ್ತೇಳು ವರ್ಷಕ್ಕೂ ಹದಿನೈದು ಸಾವಿರ ಹಾಕಿಬಿಟ್ಟಿದ್ದರು.

ಹದಿನೈದು ಸಾವಿರದ ಮಿತಿ ಬಂದದ್ದು 2014ರ ಸೆಪ್ಟೆಂಬರ್ 1ಕ್ಕೆ. ಅದಕ್ಕೂ ಹಿಂದಿನ ಸೇವೆಗೆ 6,500ರ ಮಿತಿ. ಹಾಗಾಗಿ ಲೆಕ್ಕವನ್ನು ಎರಡು ತುಂಡು ಮಾಡಬೇಕು. 1998ರಿಂದ 2014ರ ಆಗಸ್ಟ್‌ವರೆಗೆ ಹದಿನಾರೂಕಾಲು ವರ್ಷ. ಇದನ್ನು 6,500ರಿಂದ ಗುಣಿಸಿ 70ರಿಂದ ಭಾಗಿಸಿದರೆ 1,509. ಅಲ್ಲಿಂದ 58 ತುಂಬುವವರೆಗೆ ಎಂಟೂಮುಕ್ಕಾಲು ವರ್ಷ. ಇದಕ್ಕೆ 15,000, ಬರುವುದು 1,875. ಎರಡೂ ಕೂಡಿದರೆ 3,384. ಇಪ್ಪತ್ತು ವರ್ಷ ಸೇವೆ ಮಾಡಿದವರಿಗೆ ಮೇಲೆ ಎರಡು ವರ್ಷ ಸೇರಿಸಿ ಕೊಡುತ್ತಾರೆ. ಅದನ್ನು ಹಿಡಿದರೂ ನಾಲ್ಕು ಸಾವಿರ ಮುಟ್ಟುವುದಿಲ್ಲ.

ಭಾವನವರು ಸುಮ್ನೆ ಕೂತರು. ಅಕ್ಕ ಒಳಗಿನಿಂದ ಮಜ್ಜಿಗೆ ತಂದಿಟ್ಟಳು, ಅದೂ ಹಾಗೇ ಇತ್ತು. ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ, ಬೆಲೆ ಏರಿದರೂ ಇದು ಏರುವುದಿಲ್ಲ ಅನ್ನುವುದನ್ನೂ ಆಗಲೇ ಹೇಳಿಬಿಟ್ಟೆ. ಆಮೇಲೆ ಗೊತ್ತಾಗುವುದಕ್ಕಿಂತ ಆಗಲೇ ಗೊತ್ತಾಗಲಿ ಅಂತ.

ಆದರೆ ಒಂದು ಸಿಹಿ ಸುದ್ದಿಯೂ ಇತ್ತು. ಪಿಂಚಣಿ 58ಕ್ಕೇ ಶುರುವಾಗಬೇಕಿತ್ತಲ್ಲ, ಅವರು ಅರ್ಜಿಯೇ ಹಾಕಿರಲಿಲ್ಲ. ಕೆಲಸದಲ್ಲಿದ್ದವರಿಗೆ ಪಿಂಚಣಿ ಎಲ್ಲಿಂದ ಅಂದುಕೊಂಡಿದ್ದರು. ಕೆಲಸದಲ್ಲಿದ್ದರೂ ಬರುತ್ತದೆ. ಈಗ 10-ಡಿ ಅರ್ಜಿ ಹಾಕಿದರೂ ಹಿಂದಿನ ಎರಡು ವರ್ಷದ ಬಾಕಿ ಸಿಗುತ್ತದೆ. ತಿಂಗಳಿಗೆ 3,500 ಅಂತ ಹಿಡಿದರೂ 84,000. ಆ ಬಾಕಿಗೆ ಬಡ್ಡಿ ಮಾತ್ರ ಇಲ್ಲ.

ಬೇಕೆಂದೇ ಪಿಂಚಣಿಯನ್ನು ಅರವತ್ತರವರೆಗೆ ಮುಂದೂಡುವ ಅವಕಾಶವೂ ಇದೆ. ವರ್ಷಕ್ಕೆ ಶೇಕಡಾ 4 ಜಾಸ್ತಿ ಕೊಡುತ್ತಾರೆ. ಕೇಳಲು ಚೆಂದ. ಎರಡು ವರ್ಷಕ್ಕೆ ಹೆಚ್ಚುಕಡಿಮೆ ಎಂಟು, ಅಂದರೆ 3,500ಕ್ಕೆ 280 ರೂಪಾಯಿ. ಬಿಟ್ಟುಕೊಟ್ಟ 84,000 ತುಂಬಿ ಬರಲು 280ರಂತೆ 300 ತಿಂಗಳು ಬೇಕು, ಇಪ್ಪತ್ತೈದು ವರ್ಷ. ಭಾವನವರಿಗೆ ಆಗ ಎಂಬತ್ತೈದು. "ಆಗ ನನಗ 280 ಎಣಿಸಾಕ ಕಣ್ಣಾರ ಇರ್ತಾವಾ?" ಅಂದು ಮೊದಲ ಸಲ ನಕ್ಕರು. ಮಜ್ಜಿಗೆಯನ್ನೂ ಕುಡಿದರು.

10-ಡಿ ಅರ್ಜಿಗೆ ಗಂಡ ಹೆಂಡತಿ ಜೊತೆಗಿರುವ ಫೋಟೊ, ಬ್ಯಾಂಕ್ ಪಾಸ್‌ಬುಕ್ ಬೇಕು. ಗಂಡ ತೀರಿಕೊಂಡರೆ ಅರ್ಧ ಪಿಂಚಣಿ ಹೆಂಡತಿಗೆ ಹೋಗುತ್ತದೆ, ಹಾಗಾಗಿ ಆಕೆಯ ಹೆಸರು ಆಧಾರಿನಲ್ಲಿ, ಬ್ಯಾಂಕಿನಲ್ಲಿ ಒಂದೇ ಥರ ಇರಬೇಕು. ನಮ್ಮ ಅಕ್ಕನದು ಒಂದು ಕಡೆ ತವರಿನ ಹೆಸರು, ಇನ್ನೊಂದು ಕಡೆ ಗಂಡನ ಹೆಸರು. ಅದನ್ನು ಸರಿಪಡಿಸಲು ಮೂರು ವಾರ ಹೋಯಿತು.

ಗ್ರಾಚ್ಯುಟಿಯ 4,86,000 ಜೂನ್ ಕೊನೆಗೆ ಖಾತೆಗೆ ಬಿತ್ತು. ಪಿ.ಎಫ್. ಇಡಿಗಂಟಿಗೆ 19ನೇ ನಮೂನೆ ಹಾಕಿದ್ದಾಯಿತು, ಅದೂ ಬಂತು. ಪಿಂಚಣಿ ಶುರುವಾಗಿದೆ. ಆ ಮೂವತ್ತು ಸಾವಿರ ಮಾತ್ರ ಇನ್ನೂ ಮೂರನೇ ಅಂಕಣದಲ್ಲೇ ಇದೆ. ಕಂಪನಿಯವರು ಪತ್ರ ಕಳಿಸಿದ್ದೇವೆ ಅಂತಾರೆ. ಪತ್ರದ ನಕಲು, ತಲುಪಿದ್ದಕ್ಕೆ ಸೀಲು ಬಿದ್ದ ಹಾಳೆ ಎರಡೂ ಕೊಡಿ ಅಂತ ಭಾವನವರು ಸೋಮವಾರ ಮತ್ತೆ ಹೋಗುವವರಿದ್ದಾರೆ.

ನಮಸ್ಕಾರ.